ಆರಿಸದೇ ಹೋದ ಫೋಟೊ

ಪವಮಾನನಿಗೆ ಬಟ್ಟೆ ಹೊಲಿಯಲು ಬರುತ್ತಿರಲಿಲ್ಲ, ಪ್ರೋಗ್ರಾಂ ಬರೆಯಲೂ ಬರುತ್ತಿರಲಿಲ್ಲ. ಆದರೂ ಬೋಗಾದಿಯ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕೂತು, ಹೊಲಿಯುವವರನ್ನೂ ಹೊಲಿಸುವವರನ್ನೂ ಸೇರಿಸುವ ‘ಅಳತೆ’ ಎಂಬ ಆ್ಯಪನ್ನು ನಡೆಸುತ್ತಿದ್ದ. ನಡೆಸುತ್ತಿದ್ದ ಎಂದರೆ ಮಾತಾಡುತ್ತಿದ್ದ. ಯಾರೇ ಬರಲಿ, ತಾತ ಅರಮನೆಯ ಒಡವೆಗಳನ್ನಿಡುವ ಜವಾಹಿರಖಾನೆಯಲ್ಲಿ ಕಾವಲು ಕೆಲಸದಲ್ಲಿದ್ದದ್ದನ್ನು ಮೊದಲು ಹೇಳುವನು. ಆಮೇಲೆ ತನ್ನ ‘ವಿಷನ್’ ಹೇಳುವನು. ಕೆಲಸವೆಲ್ಲ ನಿಶ್ಚಿತಾಳ ಪಾಲಿಗಿತ್ತು.

ನಿಶ್ಚಿತಾ ಲಷ್ಕರ್ ಮೊಹಲ್ಲಾದ ಬಟ್ಟೆ ವ್ಯಾಪಾರದ ಮನೆಯಲ್ಲಿ ಬೆಳೆದವಳು. ಬೆಲೆ ಕೇಳುವವರಲ್ಲಿ ಕೊಳ್ಳುವವರು ಯಾರು, ಸುಮ್ಮನೆ ಬಟ್ಟೆಯ ಥಾನು ಬಿಚ್ಚಿಸಿ ಹೋಗುವವರು ಯಾರು ಎಂದು ಚಿಕ್ಕಂದಿನಿಂದಲೂ ಮುಖ ನೋಡಿಯೇ ಹೇಳುತ್ತಿದ್ದಳು. ಪವಮಾನ ಎರಡನೆಯ ಬಗೆಯವನೆಂದು ಕೆಲಸಕ್ಕೆ ಸೇರಿದ ವಾರದಲ್ಲೇ ಅವಳಿಗೆ ಗೊತ್ತಾಗಿತ್ತು. ಮೈಸೂರಿನಲ್ಲೇ ಇರಬೇಕೆಂಬ ಹಟ ಅವಳದು, ಫೋನಿನ ಆ್ಯಪ್ ಬರೆಯುವ ಕೆಲಸ ಊರಲ್ಲಿ ಎಲ್ಲೆಂದರಲ್ಲಿ ಸಿಗುವುದಿಲ್ಲ. ಹಾಗಾಗಿ ಇದ್ದಳು.

ಆ್ಯಪಿನ ವ್ಯವಹಾರ ಸರಳವಾಗಿತ್ತು. ರವಿಕೆಯೋ ಕುರ್ತಾವೋ ಹೊಲಿಸಬೇಕಾದವರು ತಮಗೆ ಹಿಡಿಸಿದ ಮಾದರಿಯ ಫೋಟೊ ಹಾಕಿ ಆರ್ಡರ್ ಕೊಡುತ್ತಿದ್ದರು. ಊರಿನ ಟೈಲರೊಬ್ಬ ಅದನ್ನು ನೋಡಿ ಒಪ್ಪಿಕೊಳ್ಳುತ್ತಿದ್ದ. ಒಂದು ಆರ್ಡರಿಗೆ ಒಂದು ಫೋಟೊ, ಹೆಚ್ಚೆಂದರೆ ಎರಡು. ಅಷ್ಟಕ್ಕೆ ‘ಅಳತೆ’ ಫೋನಿನಲ್ಲಿರುವ ಎಲ್ಲ ಫೋಟೊ, ಎಲ್ಲ ವೀಡಿಯೊ ನೋಡಲು ಅನುಮತಿ ಕೇಳುತ್ತಿತ್ತು. ಅದೂ ಆರ್ಡರ್ ಕೊಡುವಾಗಲ್ಲ, ಆ್ಯಪ್ ತೆರೆದ ಕೂಡಲೇ. ಬೇಡ ಎಂದವರಿಗೆ ಮುಂದಿನ ಸಲ ಮತ್ತೆ ಕೇಳುತ್ತಿತ್ತು. ಕೆಲವೇ ಫೋಟೊಗಳಿಗೆ ಅನುಮತಿ ಕೊಟ್ಟ ಜಾಣರನ್ನೂ ಬಿಡದೆ, ‘ಪೂರ್ತಿ ಅನುಮತಿ ಕೊಟ್ಟರೆ ಉತ್ತಮ ಅನುಭವ’ ಎಂದು ನೇರಳೆ ಅಕ್ಷರದಲ್ಲಿ ಪೀಡಿಸುತ್ತಿತ್ತು. ಆ ವಾಕ್ಯ ಪವಮಾನನ ಸ್ವಂತ ರಚನೆ.

ಇದರ ಜೊತೆಗೆ ‘ಜಾಣ ಆಯ್ಕೆ’ ಎಂಬುದೊಂದಿತ್ತು, ಅದೂ ಅವನ ತಲೆಯಿಂದಲೇ ಬಂದದ್ದು. ನೀವು ಒಂದು ಫೋಟೊ ಆರಿಸಿದರೆ, ಗ್ಯಾಲರಿಯಲ್ಲಿ ತೀರಾ ಈಚೆಗೆ ತೆಗೆದ ಇನ್ನೊಂದು ಫೋಟೊವನ್ನು ಆ್ಯಪ್ ತಾನಾಗಿಯೇ ಆರ್ಡರಿಗೆ ಸೇರಿಸುತ್ತಿತ್ತು. ಜನ ಬಟ್ಟೆಯ ಫೋಟೊ ತೆಗೆದು ತಕ್ಷಣ ಆ್ಯಪ್ ತೆರೆಯುತ್ತಾರೆ, ಆರಿಸುವ ಶ್ರಮ ಯಾಕೆ ಎಂಬುದು ಅವನ ತರ್ಕ. ಬೇಡವಾದರೆ ಪುಟದ ಕೊನೆಗೆ ಹೋಗಿ ಒಂದು ಪುಟ್ಟ ಟಿಕ್ ತೆಗೆಯಬೇಕಿತ್ತು. ಪುಟದ ಕೊನೆಗೆ ಯಾರೂ ಹೋಗುವುದಿಲ್ಲ ಎಂದು ಪವಮಾನನಿಗೂ ಗೊತ್ತಿತ್ತು. ಅದಕ್ಕೇ ಅಲ್ಲಿಟ್ಟಿದ್ದ.

ದಸರಾ ಹತ್ತಿರವಾದಾಗ ಹೊಸ ಆವೃತ್ತಿಯೊಂದನ್ನು ಪ್ಲೇ ಸ್ಟೋರಿಗೆ ಕಳಿಸಿದರು. ಅದು ತಿರಸ್ಕೃತವಾಗಿ ಬಂತು. ಫೋಟೊಗಳನ್ನು ಆಗೊಮ್ಮೆ ಈಗೊಮ್ಮೆ ಬಳಸುವ ಆ್ಯಪಿಗೆ ಪೂರ್ತಿ ಗ್ಯಾಲರಿಯ ಅನುಮತಿ ಅಗತ್ಯವಿಲ್ಲ, ಫೋನಿನದೇ ಫೋಟೊ ಪಿಕರ್ ಬಳಸಿ ಎಂದು ಸ್ಟೋರಿನವರು ಕಾರಣ ಬರೆದಿದ್ದರು.

“ನಮ್ದು ಆಗೊಮ್ಮೆ ಈಗೊಮ್ಮೆನಾ?” ಎಂದು ಪವಮಾನ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದ. “ನಮ್ದು ವಿಶುಯಲ್ ಪ್ಲಾಟ್‌ಫಾರ್ಮ್ ಕಣಮ್ಮ. ಫ್ಯಾಷನ್ ಅಂದ್ರೇನೇ ಇಮೇಜು. ಹಂಗಂತ ಬರೆದು ಮತ್ತೆ ಕಳ್ಸು.”

“ಸರ್, ಗ್ಯಾಲರಿ ಆ್ಯಪು, ಫೋಟೊ ಎಡಿಟ್ ಮಾಡೋ ಆ್ಯಪು, ಅಂಥವಕ್ಕೆ ಕೊಡ್ತಾರೆ. ನಮ್ಮಲ್ಲಿ ಒಂದು ರವಿಕೆ ಫೋಟೊ ಹಾಕೋದಷ್ಟೇ. ಪಿಕರ್ ಹಾಕ್ಬುಟ್ರೆ ಅನುಮತಿ ಕೇಳೋದೇ ಬೇಕಾಗಿಲ್ಲ. ಅದು ಫೋನಿನದೇ ಪರದೆ. ಅದರಲ್ಲಿ ಅವರು ಯಾವುದನ್ನ ಆರಿಸ್ತಾರೋ ಅದೊಂದು ನಮ್ಮ ಕೈಗೆ ಬರುತ್ತೆ. ಮಿಕ್ಕಿದ್ದು ನಮ್ಮ ಆ್ಯಪಿಗೆ ಕಾಣೋದೇ ಇಲ್ಲ.”

“ಅದೇ ಹೇಳಿದ್ದು ನಾನು. ಕಾಣದೇ ಇದ್ರೆ ಜಾಣ ಆಯ್ಕೆ ಎಂಗೆ ಮಾಡೋದು?”

“ಮಾಡೋಕಾಗಲ್ಲ.”

“ಮತ್ತೆ?” ಎಂದು ಅವನು ಗೆದ್ದವನಂತೆ ಕೈ ಚಾಚಿದ. “ನಮ್ಮ ನೇರಳೆ ಗ್ಯಾಲರಿ ಪೇಜಿಗೆ ಎಷ್ಟು ಚೆನ್ನಾಗಿ ಡಿಸೈನ್ ಮಾಡ್ಸಿದೀನಿ. ಅದನ್ನ ತೆಗೆದು ಎಲ್ಲ ಆ್ಯಪಲ್ಲೂ ಇರೋ ಅದೇ ಪರದೆ ಹಾಕೋದಾ? ಜನಕ್ಕೆ ‘ಅಲೌ’ ಬಟನ್ ಒತ್ತೋಕೆ ಏನು ಕಷ್ಟ? ಮೆಟ್ಟಿಲು ಹತ್ತಿದಂಗಾ?”

 ಸ್ಟೋರಿಗೆ ಕಳಿಸಲು ಪವಮಾನ ಸ್ವತಃ ಒಂದು ವಿವರಣೆ ಬರೆದ. ಅದರಲ್ಲಿ ‘ಪರಂಪರೆ’, ‘ನಾವೀನ್ಯ’ ಎಂಬ ಮಾತುಗಳಿದ್ದವು, ಮೈಸೂರು ರೇಷ್ಮೆಯೂ ಇತ್ತು. ಪೂರ್ತಿ ಗ್ಯಾಲರಿ ಯಾಕೆ ಬೇಕು ಎಂಬುದು ಮಾತ್ರ ಇರಲಿಲ್ಲ. ಓದಿದಾಗ ನಿಶ್ಚಿತಾಗೆ ನಗು ಬಂತು, ಆಮೇಲೆ ಬೇಸರವೂ ಆಯಿತು. ಅದೂ ತಿರಸ್ಕೃತವಾಗಿ ಬಂತು. ಹಳೆಯ ಆವೃತ್ತಿ ಮಾತ್ರ ಜನರ ಫೋನುಗಳಲ್ಲಿ ಮೊದಲಿನಂತೆ ನಡೆಯುತ್ತಲೇ ಇತ್ತು.

ರಾಮಕೃಷ್ಣನಗರದ ಅಂಬುಜಾ ಅವರ ಫೋನಿನಲ್ಲೂ ಇದ್ದದ್ದು ಅದೇ ಹಳೆಯ ಆವೃತ್ತಿ.

ಅಂಬುಜಾ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದವರು. ತಂಗಿ ರಂಜನಿಗೆ ಎದೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳನ್ನು ಮನೆಗೆ ಕರೆತಂದಿದ್ದರು. ತೋಳು ಎತ್ತಲಾಗದ ರಂಜನಿಗೆ ಇದ್ದ ರವಿಕೆ ಯಾವುದೂ ಆಗುತ್ತಿರಲಿಲ್ಲ. ಮುಂದೆ ಬಿಚ್ಚಿಕೊಳ್ಳುವ, ಸಡಿಲವಾದ ಹತ್ತಿಯ ರವಿಕೆ ಬೇಕಿತ್ತು. ಅಂಗಡಿಗೆ ಹೋಗಿ ಕಾರಣ ಹೇಳಿ ಹೊಲಿಸಲು ರಂಜನಿಗೆ ಇಷ್ಟವಿರಲಿಲ್ಲ.

“ಯಾರಿಗೂ ಹೇಳ್ಬೇಡ ಅಕ್ಕಾ. ಎಲ್ರೂ ಅಲ್ಲೇ ನೋಡ್ತಾರೆ,” ಎಂದಿದ್ದಳು.

ಹೇಳಬೇಕಾಗಿಲ್ಲದ ದಾರಿಯೆಂದು ಅಂಬುಜಾ ಆ್ಯಪ್ ಹಿಡಿದಿದ್ದರು. ಆ ದಿನ ಬೆಳಿಗ್ಗೆ ಹೊಲಿಗೆಯ ಜಾಗ ಕೆಂಪಾಗಿದೆಯೆಂದು ರಂಜನಿ ಹೇಳಿದಾಗ, ಡಾಕ್ಟರಿಗೆ ಕಳಿಸಲು ಅಂಬುಜಾ ಒಂದು ಫೋಟೊ ತೆಗೆದರು. ಕಳಿಸಿದರು. ಗಾಬರಿ ಬೇಡ, ಮುಲಾಮು ಹಚ್ಚಿ ಎಂದು ಡಾಕ್ಟರಿಂದ ಉತ್ತರ ಬಂತು. ಸಮಾಧಾನವಾಗಿ ಕಾಫಿ ಕುಡಿದು, ಹಿಂದಿನ ವಾರ ಉಳಿಸಿಟ್ಟುಕೊಂಡಿದ್ದ ರವಿಕೆಯ ಚಿತ್ರವನ್ನು ಹುಡುಕಿ ‘ಅಳತೆ’ಯಲ್ಲಿ ಹಾಕಿದರು. ಆರ್ಡರ್ ಕಳಿಸುವ ಗುಂಡಿ ಒತ್ತಿದರು. ಪುಟದ ಕೊನೆಗೆ ಹೋಗಲಿಲ್ಲ.

ಆರ್ಡರ್ ಹೋದದ್ದು ಲಷ್ಕರ್ ಮೊಹಲ್ಲಾದ ಶಿವಮಲ್ಲಪ್ಪನವರ ಅಂಗಡಿಗೆ. ಅಲ್ಲಿ ಕಟಿಂಗ್ ಮೇಜಿನ ಮೇಲೆ ಟ್ಯಾಬ್ ನಿಲ್ಲಿಸಿಟ್ಟಿದ್ದರು, ಎದುರಿಗೆ ಗಿರಾಕಿಗಳು ಕೂತಿದ್ದರು. ಆರ್ಡರ್ ತೆರೆದುಕೊಂಡಾಗ ಮೊದಲು ರವಿಕೆ ಬಂತು, ಪಕ್ಕದಲ್ಲಿ ರಂಜನಿಯ ಗಾಯ ಬಂತು. ಶಿವಮಲ್ಲಪ್ಪ ಕೈಯಲ್ಲಿದ್ದ ಬಟ್ಟೆಯನ್ನೇ ಟ್ಯಾಬಿನ ಮೇಲೆ ಹಾಕಿಬಿಟ್ಟರು. ನಂತರ ಅಂಗಡಿಯ ಹಿಂದಕ್ಕೆ ಹೋಗಿ, ಆರ್ಡರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರು.

“ಅಮ್ಮಾವ್ರೇ, ಎಂಗೆ ಹೇಳೋದು ಗೊತ್ತಾಗ್ತಿಲ್ಲ. ತಮ್ಮ ಆರ್ಡರಲ್ಲಿ ಒಂದು ಫೋಟೊ ಜಾಸ್ತಿ ಬಂದದೆ. ಮನೆಯೋರ್ದು ಇರ್ಬೇಕು. ನಾನು ಮುಚ್ಬುಟ್ಟಿದೀನಿ. ಅಳಿಸೋಕೆ ನೋಡ್ದೆ, ನನ್ನ ಕಡೆಯಿಂದ ಆಗ್ತಿಲ್ಲ.”

ಏನೆಂದು ತಿಳಿಯಲು ಅಂಬುಜಾಗೆ ಸ್ವಲ್ಪ ಹೊತ್ತು ಹಿಡಿಯಿತು.  “ಬೇರೆ ಯಾರಾದ್ರೂ ನೋಡಿದ್ರಾ?” ಎಂದು ಕೇಳಿದರು.

ಶಿವಮಲ್ಲಪ್ಪ ಸುಳ್ಳು ಹೇಳಲಿಲ್ಲ. “ಎದುರಿಗೆ ಇಬ್ರು ಹೆಂಗಸ್ರು ಕೂತಿದ್ರು. ನೋಡಿರ್ಬೋದು. ಯಾರದು ಅಂತ ಅವ್ರಿಗೆ ಗೊತ್ತಾಗಿರಲ್ಲ.”

ರಂಜನಿ ಒಳಕೋಣೆಯಿಂದ, “ಯಾರು ಅಕ್ಕಾ?” ಎಂದಳು. ಅಂಬುಜಾ ಅವಳಿಂದ ಮುಚ್ಚಿಡಲಿಲ್ಲ, ಹೋಗಿ ಹೇಳಿದರು. ರಂಜನಿ ಅಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದಳು. ಹೊಸ ರವಿಕೆ ಬೇಡವೇ ಬೇಡ ಎಂದಳು. ಅಂಬುಜಾ ಆಟೊ ಹಿಡಿದು ನೇರವಾಗಿ ಬೋಗಾದಿಗೆ ಬಂದರು.

ಮೆಟ್ಟಿಲು ಹತ್ತಿ ಬಂದವರನ್ನು ಪವಮಾನ ಹೂಡಿಕೆದಾರರ ಕಡೆಯವರೆಂದು ತಿಳಿದು, “ಬನ್ನಿ ಮೇಡಮ್, ಕೂತ್ಕೊಳ್ಳಿ, ನಮ್ಮ ತಾತ ಅರಮನೆ ಜವಾಹಿರಖಾನೆಯಲ್ಲಿ ಕಾವಲಿಗಿದ್ದಾಗ…” ಎಂದು ಶುರುಮಾಡಿದ.

“ನಿಮ್ಮ ತಾತನ ವಿಷಯ ಬೇಡ,” ಎಂದರು ಅಂಬುಜಾ. “ಅವರು ಕಾವಲಿದ್ದ ಕೋಣೆಯಿಂದ ಏನೂ ಆಚೆ ಹೋಗಿರಲಿಲ್ಲ ಅನ್ಕೋತೀನಿ.” ನಿಂತುಕೊಂಡೇ ನಡೆದದ್ದನ್ನು ಹೇಳಿದರು. ಧ್ವನಿ ಏರಿಸಲಿಲ್ಲ. ತರಗತಿಯ ಹಿಂದಿನ ಬೆಂಚಿಗೂ ಕೇಳಬೇಕೆಂದು ಒಂದೊಂದೇ ಮಾತನ್ನು ಬಿಡಿಸಿ ಹೇಳುವವರ ಹಾಗಿತ್ತು.

ಪವಮಾನನ ಮುಖದಲ್ಲಿ ಮೊದಲು ಕಾಣಿಸಿಕೊಂಡದ್ದು ನಾಚಿಕೆಯಲ್ಲ, ಲೆಕ್ಕಾಚಾರ. “ತುಂಬಾ ಬೇಜಾರಾಯ್ತು ಆಂಟಿ,” ಎಂದ. “ಆದ್ರೆ ಟೆಕ್ನಿಕಲಿ ನೋಡಿದ್ರೆ, ನೀವೇ ಪರ್ಮಿಶನ್ ಕೊಟ್ಟಿದ್ದೀರ. ‘ಅಲೌ’ ಅಂತ ಒತ್ತಿದ್ದೀರ. ಕೆಳಗೆ ಟಿಕ್ ಕೂಡ ಇದೆ, ತೆಗೀಬಹುದಿತ್ತು.”

“ರವಿಕೆ ತೋರಿಸೋಕೆ ಕೊಟ್ಟೆ. ನನ್ನ ತಂಗಿನ ತೋರಿಸೋಕೆ ಕೊಟ್ಟೆನಾ?”

“ಸಿಸ್ಟಮ್ಮಿಗೆ ಅದೆಲ್ಲ ಗೊತ್ತಾಗಲ್ಲ ಆಂಟಿ. ಅದಕ್ಕೆ ಎಲ್ಲ ಇಮೇಜೇ.”

“ಅದಕ್ಕೆ ಗೊತ್ತಾಗಲ್ಲ, ಸರಿ. ಅದನ್ನ ಮಾಡಿಸಿದೋರಿಗೆ?”

ಪವಮಾನ ನೀರಿನ ಬಾಟಲಿಯನ್ನು ಅವರತ್ತ ತಳ್ಳಿದ. ಅವರು ಮುಟ್ಟಲಿಲ್ಲ. ಕಂಪ್ಯೂಟರಿನ ಮುಂದೆ ಕೂತಿದ್ದ ನಿಶ್ಚಿತಾಳ ಕಡೆ ತಿರುಗಿದರು. “ಏನಮ್ಮ, ನೀನು ಬರೆಯೋಳಾ? ನಾನು ಕೊಟ್ಟ ಫೋಟೊ ಮಾತ್ರ ಇದಕ್ಕೆ ಕಾಣೋ ಹಾಗೆ ಮಾಡೋಕಾಗುತ್ತಾ?”

“ಆಗುತ್ತೆ ಮೇಡಮ್.”

“ಬಹಳ ಕಷ್ಟವಾ?”

“ಇಲ್ಲ ಮೇಡಮ್. ಫೋನಿನಲ್ಲೇ ಇದೆ ಅದು. ನಾವು ಬಳಸ್ತಿಲ್ಲ.”

 ಅಂಬುಜಾ ಪವಮಾನನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಅಷ್ಟು ವರ್ಷ ಪಾಠ ಹೇಳಿದವರು ಉತ್ತರ ಪತ್ರಿಕೆಯಲ್ಲಿ ಪುಟಗಟ್ಟಲೆ ಬರೆದು ಏನನ್ನೂ ಬರೆಯದವರನ್ನು ಗುರುತಿಸುತ್ತಾರೆ. “ಇರೋದನ್ನ ಬಳಸದೆ, ಬೇಡದ್ದನ್ನ ಕೇಳಿ ಇಸ್ಕೊಂಡಿದ್ದೀರಿ,” ಎಂದರು. “ಬಡತನವಾಗಿದ್ರೆ ಕ್ಷಮಿಸ್ಬಹುದಿತ್ತು. ಇದು ಬರೀ ಆಸೆಬುರುಕುತನ.”

ಅವರು ಹೊರಟ ಮೇಲೆ ಪವಮಾನ ಬಾಗಿಲ ಕಡೆ ನೋಡಿ, “ಈ ವಯಸ್ಸಿನೋರಿಗೆ ಸ್ಮಾರ್ಟ್‌ಫೋನ್ ಕೊಡ್ಬಾರ್ದು ಕಣಮ್ಮ,” ಎಂದ.

ನಿಶ್ಚಿತಾ ಕೆಲಸ ಶುರುಮಾಡಿದಳು. ಹಳೆಯ ಆವೃತ್ತಿ ಜನರ ಫೋನಿನಲ್ಲಿ ಇರುವವರೆಗೂ ಫೋಟೊಗಳು ಬರುತ್ತಲೇ ಇರುತ್ತವೆ. ಅದನ್ನು ಅಲ್ಲಿ ಹೋಗಿ ನಿಲ್ಲಿಸಲಾಗುವುದಿಲ್ಲ. ಆದ್ದರಿಂದ ಮೊದಲು ಸರ್ವರಿನಲ್ಲಿ, ‘ಜಾಣ ಆಯ್ಕೆ’ ಎಂಬ ಗುರುತಿನೊಂದಿಗೆ ಬಂದ ಯಾವ ಫೋಟೊವನ್ನೂ ಇಟ್ಟುಕೊಳ್ಳದಂತೆ, ಟೈಲರಿಗೆ ತೋರಿಸದಂತೆ ಮಾಡಿದಳು. ರಂಜನಿಯ ಫೋಟೊ ಅಳಿಸಿದಳು. ಶಿವಮಲ್ಲಪ್ಪನವರಿಗೆ ಫೋನ್ ಮಾಡಿ, ಟ್ಯಾಬಿನಲ್ಲಿ ಉಳಿದ ಪ್ರತಿ ಹೋಗಲು ಏನು ಮಾಡಬೇಕೆಂದು ಹೇಳಿ, ಹೋದದ್ದನ್ನು ಖಚಿತಪಡಿಸಿಕೊಂಡಳು. ಆಮೇಲೆ ಅದೇ ಗುರುತಿನಲ್ಲಿ ಹಿಂದೆ ಬಂದವುಗಳನ್ನು ತೆರೆದಳು.

ನೋಡಬಾರದಾಗಿತ್ತೆನಿಸಿ ಬೇಗ ಮುಚ್ಚಿದಳು. ಪರೀಕ್ಷೆಯ ಅಂಕಪಟ್ಟಿ, ಆಧಾರ್ ಕಾರ್ಡು, ಸ್ನಾನ ಮಾಡಿಸುತ್ತಿದ್ದ ಮಗು, ಯಾರದೋ ಶವದ ಮುಂದೆ ಕೂತ ಕುಟುಂಬ. ಯಾರೂ ಕೊಟ್ಟದ್ದಲ್ಲ. ಹೋದದ್ದು ಯಾರಿಗೂ ಗೊತ್ತೂ ಇಲ್ಲ.

“ಇವನ್ನೆಲ್ಲ ಅಳಿಸ್ತೀನಿ ಸರ್.”

“ಯಾಕೆ? ಇರ್ಲಿ ಬಿಡು. ಡೇಟಾ ಅದು. ಮುಂದೆ ಏನಾದ್ರೂ ಎಐ ಟ್ರೈನ್ ಮಾಡೋಕಾಗುತ್ತೆ.”

“ಹೆಣದ ಫೋಟೊ ನೋಡಿ ರವಿಕೆ ಹೊಲಿಯೋದು ಕಲಿಸ್ತೀರಾ?”

ಅವನಿಗೆ ಆ ಮಾತು ಚುಚ್ಚಲಿಲ್ಲ. ಅವನಿಗೆ ಚುಚ್ಚುವ ಜಾಗ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. “ಆ ಮೇಡಮ್ ನಾಳೆ ವಕೀಲರನ್ನ ಕರ್ಕೊಂಡು ಬಂದು ಏನೇನು ಇಟ್ಕೊಂಡಿದ್ದೀರಿ ಅಂತ ಕೇಳಿದ್ರೆ, ನಾನು ಇರೋದನ್ನ ಇದ್ದ ಹಾಗೇ ಹೇಳ್ತೀನಿ ಸರ್. ನಿಮ್ಮ ಹೂಡಿಕೆದಾರರು ಕೇಳಿದ್ರೂ ಅಷ್ಟೇ,” ಎಂದಳು.

ಪವಮಾನ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದ. “ಅಳಿಸ್ಬುಡು,” ಎಂದ. “ಪಿಕರ್ರೋ ಏನೋ, ಅದನ್ನೂ ಹಾಕ್ಬುಡು. ದಸರಾಗೆ ಅಪ್‌ಡೇಟ್ ಹೋಗ್ಲೇಬೇಕು.”

ಅವನು ಒಪ್ಪಿದ್ದು ದಸರೆಗಾಗಿ. ರಂಜನಿಯ ಹೆಸರೂ ಅವನ ನೆನಪಿನಲ್ಲಿರಲಿಲ್ಲ. ಅವನ ಬಗ್ಗೆ ತನ್ನಲ್ಲಿ ಉಳಿದಿದ್ದ ಒಂದಿಷ್ಟು ನಂಬಿಕೆಯನ್ನೂ ನಿಶ್ಚಿತಾ ಆ ಕ್ಷಣ ಹಿಂತೆಗೆದುಕೊಂಡಳು.

ಕೆಲಸ ದೊಡ್ಡದಾಗಿರಲಿಲ್ಲ. ಆ್ಯಪ್ ತನಗೆ ಏನೇನು ಬೇಕೆಂದು ಫೋನಿಗೆ ಹೇಳಿಕೊಳ್ಳುವ ಜಾಗದಿಂದ ಫೋಟೊ, ವೀಡಿಯೊ ಅನುಮತಿಯ ಸಾಲುಗಳನ್ನು ತೆಗೆದಳು. ನೇರಳೆ ಗ್ಯಾಲರಿ ಪುಟವನ್ನೂ ‘ಉತ್ತಮ ಅನುಭವ’ದ ಪೀಡೆಯನ್ನೂ ಕಿತ್ತಳು. ಅವುಗಳ ಜಾಗದಲ್ಲಿ ಫೋಟೊ ಪಿಕರನ್ನು ಕರೆಯುವ ಕೆಲವು ಸಾಲು ಬರೆದಳು. ಈಗ ‘ಫೋಟೊ ಹಾಕಿ’ ಎಂಬಲ್ಲಿ ಒತ್ತಿದರೆ ಯಾವ ಪ್ರಶ್ನೆಯೂ ಇಲ್ಲದೆ ಫೋನಿನ ಪರದೆ ಕೆಳಗಿನಿಂದ ಮೇಲೇರಿ ಬರುತ್ತಿತ್ತು. ಅದರಲ್ಲಿ ಎಲ್ಲ ಫೋಟೊಗಳೂ ಕಾಣುತ್ತಿದ್ದವು, ಫೋನಿನ ಒಡತಿಗೆ ಮಾತ್ರ. ಆಕೆ ಒಂದನ್ನು ಮುಟ್ಟಿ ಒಪ್ಪಿದರೆ, ಅದೊಂದನ್ನು ತೆರೆಯುವ ಅವಕಾಶ ಮಾತ್ರ ಆ್ಯಪಿಗೆ ಸಿಗುತ್ತಿತ್ತು. ಏನೂ ಆರಿಸದೆ ಹಿಂದೆ ಬಂದರೆ ಏನೂ ಸಿಗುತ್ತಿರಲಿಲ್ಲ.

ಆದರೆ ಪ್ರಯತ್ನಿಸಿ ನೋಡುವಾಗ ಒಂದು ತೊಡಕು ಬಂತು. ನೆಟ್ ಇಲ್ಲದಾಗ ಆರ್ಡರನ್ನು ಕಾದಿಟ್ಟು ಆಮೇಲೆ ಕಳಿಸುವುದು ‘ಅಳತೆ’ಯ ಪದ್ಧತಿ. ಪಿಕರಿನಿಂದ ಆರಿಸಿ, ನೆಟ್ ತೆಗೆದು, ಫೋನನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಆರ್ಡರ್ ಹೋಯಿತು, ಫೋಟೊ ಇರಬೇಕಾದಲ್ಲಿ ಖಾಲಿ ಚೌಕ ಹೋಯಿತು.

ಪವಮಾನನಿಗೆ ಹಬ್ಬವಾಯಿತು. “ನೋಡಿದ್ಯಾ? ನಾನು ಮೊದ್ಲೇ ಹೇಳ್ಲಿಲ್ವಾ? ಇವೆಲ್ಲ ಓದೋಕೆ ಚೆಂದ. ಹಳೇದೇ ಹಾಕು, ಇನ್ನೊಂದ್ಸಲ ಬರೆದು ಕೇಳೋಣ.”

“ಪಿಕರ್ ತಪ್ಪಲ್ಲ ಸರ್. ನಾವು ಹಳೇ ಚಾಳಿಯಲ್ಲಿ ಬರೆದಿದ್ದು ತಪ್ಪು,” ಎಂದಳು ನಿಶ್ಚಿತಾ. “ಮೊದ್ಲು ಮನೆ ಕೀನೇ ನಮ್ಮ ಕೈಲಿತ್ತು, ಯಾವಾಗ ಬೇಕಾದ್ರೂ ಹೋಗಿ ತರ್ತಿದ್ವಿ. ಈಗ ಬಾಗಿಲಲ್ಲಿ ಕೊಟ್ಟಿದ್ದನ್ನ ಆಗ್ಲೇ ತಗೋಬೇಕು. ಫೋನ್ ಆಫ್ ಮಾಡಿ ಆನ್ ಮಾಡಿದ್ರೆ ಆ ಅವಕಾಶ ಹೋಗುತ್ತೆ. ಉಳಿಸ್ಕೊಳ್ಳೋಕೂ ದಾರಿ ಇದೆ, ಆದ್ರೆ ನಮಗೆ ಬೇಕಾಗಿಲ್ಲ.”

ಆರಿಸಿದ ಕೂಡಲೇ ಆ ಒಂದು ಫೋಟೊದ ಪ್ರತಿಯನ್ನು ಆ್ಯಪಿನ ಸ್ವಂತ ಜಾಗಕ್ಕೆ ತೆಗೆದುಕೊಳ್ಳುವಂತೆ, ಆರ್ಡರ್ ತಲುಪಿದ ಮೇಲೆ ಆ ಪ್ರತಿಯನ್ನೂ ಅಳಿಸುವಂತೆ ತಿದ್ದಿದಳು. ಫೋನನ್ನು ಆಫ್ ಮಾಡಿ, ಆನ್ ಮಾಡಿ, ಮತ್ತೆ ನೋಡಿದಳು. ಈ ಸಲ ಆರ್ಡರಿನ ಜೊತೆ ಫೋಟೊವೂ ಹೋಯಿತು. ಪವಮಾನ ಅಷ್ಟರಲ್ಲಿ ಊಟಕ್ಕೆ ಹೋಗಿದ್ದ.

ಹೊಸ ಆವೃತ್ತಿಗೆ ಸ್ಟೋರಿನಿಂದ ಒಪ್ಪಿಗೆ ಸಿಕ್ಕಿತು. ಅದಾದ ಕೆಲವು ದಿನಕ್ಕೆ ಊರಿನ ಹೋಟೆಲೊಂದರಲ್ಲಿ ಹೊಸ ಕಂಪನಿಗಳವರ ಕೂಟವಿತ್ತು. ಪವಮಾನ ರೇಷ್ಮೆ ಜುಬ್ಬಾ ತೊಟ್ಟು ವೇದಿಕೆ ಹತ್ತಿದ. “ನಾವು ನಿಮ್ಮ ಗ್ಯಾಲರಿಗೆ ಕಾಲಿಡೋದೇ ಇಲ್ಲ,” ಎಂದ. “ಬೇರೆಯವರೆಲ್ಲ ಡೇಟಾಗೆ ಬಾಯಿ ಬಿಡೋ ಕಾಲದಲ್ಲಿ, ನಾವು ಮೊದಲ ದಿನದಿಂದಲೂ ಹೆಣ್ಣುಮಕ್ಕಳ ಮಾನ ಕಾಯೋ ಸಂಸ್ಕೃತಿಯೋರು. ನಮ್ಮ ತಾತ ಅರಮನೆಯ ಜವಾಹಿರಖಾನೆಯಲ್ಲಿ…”

ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ನಿಶ್ಚಿತಾ ತಟ್ಟಲಿಲ್ಲ. ಮೊದಲ ದಿನದಿಂದ ಎಂಬ ಮಾತಿಗೆ ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಬರಲು ಎದುರಿನವನು ಅದರ ಅಳತೆಗಾದರೂ ಇರಬೇಕು. ಪಕ್ಕದಲ್ಲಿ ಕೂತಿದ್ದ ಒಬ್ಬರು, “ನಿಮ್ಮ ಸರ್ ಬಹಳ ಚೆನ್ನಾಗಿ ಮಾತಾಡ್ತಾರೆ,” ಎಂದರು.

“ಹೌದು. ಅದೊಂದೇ ಮಾಡೋದು,” ಎಂದಳು. ಮರುದಿನದಿಂದಲೇ ಬೇರೆ ಕೆಲಸ ಹುಡುಕತೊಡಗಿದಳು. ಮೈಸೂರಿನದೇ ಹೆಬ್ಬಾಳದ ಕಡೆಯ ಕಂಪನಿಯೊಂದು ಅವಳನ್ನು ಕರೆದು ಮಾತಾಡಿಸಿ, ಮುಂದಿನ ತಿಂಗಳಿಂದ ಬರಲು ಹೇಳಿತು.

ಅಂಬುಜಾ ‘ಅಳತೆ’ಯನ್ನು ಫೋನಿನಿಂದ ಅಂದೇ ತೆಗೆದುಹಾಕಿದ್ದರು. ಪಿಕರ್ ಬಂದದ್ದನ್ನು ಹೇಳಲು ನಿಶ್ಚಿತಾ ಫೋನ್ ಮಾಡಿದಾಗ, “ನೀನು ಸರಿ ಮಾಡಿರ್ತೀಯ, ನಂಬ್ತೀನಿ. ಆದ್ರೆ ಆ ಮನುಷ್ಯನ ಹೆಸರಿರೋ ಯಾವುದೂ ನನ್ನ ಕೈಲಿ ಬೇಡಮ್ಮ,” ಎಂದರು. ನಿಶ್ಚಿತಾಗೆ ಅದು ಸರಿಯೆನಿಸಿತು.

“ರವಿಕೆ?” ಎಂದು ಕೇಳಿದಳು.

ರಂಜನಿ ಬಹಳ ದಿನ ಬೇಡವೆಂದೇ ಇದ್ದಳು. ಕೊನೆಗೆ ಶಿವಮಲ್ಲಪ್ಪನವರ ಹೆಂಡತಿ ಮಹದೇವಮ್ಮ ತಾವಾಗಿಯೇ ರಾಮಕೃಷ್ಣನಗರಕ್ಕೆ ಬಂದರು. ಏನನ್ನೂ ಕೇಳಲಿಲ್ಲ. ಮೃದುವಾದ ಹತ್ತಿ ಬಟ್ಟೆಗಳನ್ನು ಹಾಸಿಗೆಯ ಮೇಲೆ ಹರಡಿ, “ಬಣ್ಣ ಆರಿಸ್ಕೋ ತಾಯಿ, ಅಳತೆ ನಿಮ್ಮಕ್ಕನೇ ತಗೊಳ್ಳಿ, ನಾನು ಆಚೆ ಇರ್ತೀನಿ,” ಎಂದು ಜಗಲಿಗೆ ಹೋಗಿ ಕೂತರು. ರಂಜನಿ ಬಟ್ಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ತಿಳಿಹಳದಿಯದನ್ನು ಪಕ್ಕಕ್ಕಿಟ್ಟು, ತೋಳನ್ನು ಆದಷ್ಟು ಮೇಲೆತ್ತಿ, “ಬೇಗ ತಗೋ ಅಕ್ಕಾ, ನೋಯುತ್ತೆ,” ಎಂದಳು.